ಕಿವಿ ಕೇಳುತ್ತದೆ, ಮಾತು ತಿಳಿಯುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

"ಅವ್ವಗ ಎರಡೂ ಕಿವಿ ಪೂರಾ ಹೋಗ್ಯಾವ್ರಿ ಮೇಡಂ. ಡಬಲ್ ಮಷೀನ್ ಹಾಕ್ಸೀವಿ, ಅದೂ ಕೆಲಸ ಮಾಡವಲ್ದು."

ಜೇವರ್ಗಿ ಕಡೆಯ ಹಳ್ಳಿಯಿಂದ ಕಲಬುರಗಿಗೆ ಬಂದಿದ್ದ ಮಗ ಇಷ್ಟು ಹೇಳಿ, ಎರಡು ಕಿವಿ ಮಷೀನನ್ನು ನನ್ನ ಟೇಬಲ್ ಮೇಲಿಟ್ಟ. ಪಕ್ಕದಲ್ಲಿ ಕೂತಿದ್ದ ಆಯಿಗೆ 62 ವರ್ಷ. ಒಂದೂವರೆ ತಿಂಗಳ ಹಿಂದೆ ಲಕ್ವಾ ಹೊಡೆದಿತ್ತು. ಕೈಕಾಲು ಬೇಗ ಸರಿಹೋದವು, ಆದರೆ ಅಂದಿನಿಂದ ಯಾರು ಏನು ಹೇಳಿದರೂ ಗೊತ್ತಾಗುತ್ತಿರಲಿಲ್ಲ. ಮನೆಯವರು ಕಿವುಡು ಅಂದುಕೊಂಡು ಮಷೀನ್ ಕೊಡಿಸಿದ್ದರು. ಮಗ ಅವಳ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ "ಹೆಸರ ಹೇಳು" ಅಂದ. ಆಯಿ ಅವನ ಕೈ ಸರಿಸಿ ಅಂದಳು: "ಒದರಬ್ಯಾಡೋ. ಕೇಳಸ್ತದ ನನಗ. ಏನ್ ಅಂತಿ ಅಂಬೋದೇ ತಿಳಿವಲ್ದು. ಯಾವುದೋ ಬ್ಯಾರೆ ದೇಶದ ಮಾತಾಡಿದಂಗ ಆಗ್ತದ."

ಇಷ್ಟು ಹೊತ್ತಿಗೆ ದೋಷದ ಅರ್ಧ ಸುಳಿವು ಸಿಕ್ಕಿಬಿಟ್ಟಿತ್ತು. ಒದರಬೇಡ ಅನ್ನುವವರಿಗೆ ಸದ್ದು ತಲುಪುತ್ತಿದೆ ಎಂದರ್ಥ. ಸದ್ದು ಬರುತ್ತಿಲ್ಲ ಎನ್ನುವುದು ಒಂದು ದೂರು, ಬಂದ ಸದ್ದು ಮಾತಾಗುತ್ತಿಲ್ಲ ಎನ್ನುವುದು ಇನ್ನೊಂದು. ಮನೆಯವರು ಎರಡಕ್ಕೂ "ಕಿವಿ ಕೇಳಲ್ಲ" ಅಂತಲೇ ಹೇಳುತ್ತಾರೆ. ಎರಡನ್ನೂ ಬೇರೆ ಮಾಡುವುದು ಹೇಗೆ, ದಾರಿಯ ಯಾವ ತಾಣದಲ್ಲಿ ತುಂಡಾಗಿದೆ ಎಂದು ಹಿಡಿಯುವುದು ಹೇಗೆ ಅನ್ನುವುದನ್ನು ಈ ಆಯಿಯ ಕೇಸನ್ನೇ ಇಟ್ಟುಕೊಂಡು ಬರೆಯುತ್ತೇನೆ. ಹೋಲಿಸಿ ನೋಡಲು ಇನ್ನಿಬ್ಬರು ಬೇಕಾಗುತ್ತಾರೆ: ಒಬ್ಬರು ತೊಗರಿ ಬೇಳೆ ಮಿಲ್ಲಿನ ಕೆಲಸಗಾರ, ಇನ್ನೊಬ್ಬರು ಗಂಜ್‌ನಲ್ಲಿ ವ್ಯಾಪಾರ ಮಾಡುವವರು.

ಮೊದಲು ದಾರಿ ಗೊತ್ತಿರಲಿ

ಕಿವಿಯ ತಮಟೆ, ಅದರ ಹಿಂದಿನ ಮೂರು ಪುಟ್ಟ ಎಲುಬು, ಇವು ಸದ್ದನ್ನು ದೂಡುವ ಭಾಗ ಅಷ್ಟೆ. ಸದ್ದು ನರದ ಭಾಷೆಗೆ ತಿರುಗುವುದು ಒಳಗಿವಿಯ ಕಾಕ್ಲಿಯಾದಲ್ಲಿ. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕೊಳವೆ ಅದು. ಅದರ ಬುಡದಲ್ಲಿ ಕೀರಲು ಸದ್ದುಗಳು, ತುದಿಯಲ್ಲಿ ದಪ್ಪ ಸದ್ದುಗಳು ಗುರುತಾಗುತ್ತವೆ. ಒಳಗೆ ಕೂದಲಿನಂಥ ಎಳೆಗಳಿರುವ ಕೋಶಗಳು ಸಾಲಾಗಿ ನಿಂತಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಎರಡರ ಕೆಲಸವೂ ಬೇರೆ. ಮಿದುಳಿಗೆ ಸುದ್ದಿ ಕಳಿಸುವುದು ಹೆಚ್ಚಾಗಿ ಒಳಸಾಲು. ಹೊರಸಾಲಿನವು ಆಂಪ್ಲಿಫೈಯರ್ ಇದ್ದಂತೆ: ಸಣ್ಣ ಸದ್ದು ಬಂದಾಗ ತಾವೇ ಕುಣಿದು ಅದನ್ನು ದೊಡ್ಡದು ಮಾಡುತ್ತವೆ. ದೊಡ್ಡ ಸದ್ದಿಗೆ ಅವುಗಳ ಸಹಾಯ ಬೇಕಾಗುವುದಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಅಲ್ಲಿಂದ ಎಂಟನೇ ನರ ಹೊರಡುತ್ತದೆ, ಸುಮಾರು 30,000 ಎಳೆಗಳ ಕಟ್ಟು. ಅದು ಮಿದುಳಿನ ಕಾಂಡಕ್ಕೆ ಸೇರಿ, ಅದೇ ಬದಿಯ ಕಾಕ್ಲಿಯರ್ ನ್ಯೂಕ್ಲಿಯಸ್ ಎಂಬ ಮೊದಲ ನಿಲ್ದಾಣದಲ್ಲಿ ಇಳಿಯುತ್ತದೆ. ಇಲ್ಲಿಯವರೆಗೆ ಎಡಗಿವಿಯ ಸುದ್ದಿ ಎಡಗಡೆಯೇ, ಬಲಗಿವಿಯದು ಬಲಗಡೆಯೇ. ಇದರ ಮುಂದೆ ಕವಲು. ಹೆಚ್ಚಿನ ಎಳೆಗಳು ಎದುರು ಬದಿಗೆ ದಾಟುತ್ತವೆ, ಕೆಲವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಸುಪೀರಿಯರ್ ಆಲಿವ್ ಎಂಬ ತಾಣದಲ್ಲಿ ಎರಡೂ ಕಿವಿಯ ಸುದ್ದಿ ಮೊದಲ ಸಲ ಒಟ್ಟಿಗೆ ಸೇರುತ್ತದೆ. ಸದ್ದು ಯಾವ ಕಡೆಯಿಂದ ಬಂತು ಎಂಬ ಲೆಕ್ಕ ಶುರುವಾಗುವುದೂ ಅಲ್ಲೇ. ಮುಂದೆ ಲ್ಯಾಟರಲ್ ಲೆಮ್ನಿಸ್ಕಸ್ ಎಂಬ ದಾರಿ ಹಿಡಿದು ನಡುಮಿದುಳಿನ ಇನ್ಫೀರಿಯರ್ ಕಾಲಿಕ್ಯುಲಸ್, ಅಲ್ಲಿಂದ ಥಾಲಮಸ್‌ನ ಮೀಡಿಯಲ್ ಜೆನಿಕ್ಯುಲೇಟ್, ಕೊನೆಗೆ ಕಿವಿಯ ಮೇಲ್ಭಾಗಕ್ಕೆ ಒಳಗಡೆ ಇರುವ ಟೆಂಪೊರಲ್ ಕಾರ್ಟೆಕ್ಸ್. ಅಲ್ಲಿನ ಹೆಶ್ಲ್ ಮಡಿಕೆಯಲ್ಲಿ ಸದ್ದು ಬಂದು ಸೇರುತ್ತದೆ. ಅದರ ಸುತ್ತಮುತ್ತ, ಬಹುತೇಕ ಜನರಲ್ಲಿ ಎಡಗಡೆ, ಸದ್ದು ಮಾತಾಗುತ್ತದೆ.

ಈ ಭಾಗದವರಿಗೆ ಇದನ್ನು ನಾನು ವಾಡಿ ಜಂಕ್ಷನ್ ಉದಾಹರಣೆ ಕೊಟ್ಟು ಹೇಳುತ್ತೇನೆ. ಕಲಬುರಗಿ ಮತ್ತು ವಾಡಿ ನಡುವೆ ಹಳಿ ಕಿತ್ತುಹೋದರೆ ಇಲ್ಲಿಂದ ಆ ಕಡೆ ಹೊರಟ ಗಾಡಿಗಳೆಲ್ಲ ನಿಲ್ಲುತ್ತವೆ. ವಾಡಿ ದಾಟಿದ ಮೇಲೆ ಯಾದಗಿರಿ ಲೈನಿನಲ್ಲಿ ತೊಂದರೆಯಾದರೆ ತಾಂಡೂರಿನ ಕಡೆಯದು ಓಡುತ್ತಲೇ ಇರುತ್ತದೆ. ಕಿವಿಯ ದಾರಿಯೂ ಹಾಗೆಯೇ. ಜಂಕ್ಷನ್‌ಗಿಂತ ಕೆಳಗೆ, ಅಂದರೆ ಕಾಕ್ಲಿಯಾ, ನರ ಅಥವಾ ಮೊದಲ ನಿಲ್ದಾಣದಲ್ಲಿ ಕೆಟ್ಟರೆ ಆ ಒಂದು ಕಿವಿ ಹೋಗುತ್ತದೆ. ಜಂಕ್ಷನ್ ದಾಟಿದ ಮೇಲೆ ಒಂದು ಬದಿ ಮಾತ್ರ ಕೆಟ್ಟರೆ ಯಾವ ಕಿವಿಯೂ ಕಿವುಡಾಗುವುದಿಲ್ಲ. ಗದ್ದಲದಲ್ಲಿ ಮಾತು ಹಿಡಿಯಲು ಕಷ್ಟ, ಸದ್ದಿನ ದಿಕ್ಕು ತಪ್ಪುವುದು, ಇಂಥ ಸಣ್ಣ ತೊಂದರೆಗಳಷ್ಟೇ ಕಾಣುತ್ತವೆ. ಮಿದುಳಿನ ಮಟ್ಟದಲ್ಲಿ ಕೇಳುವಿಕೆ ಪೂರ್ತಿ ಕೆಡಬೇಕಾದರೆ ಸಾಮಾನ್ಯವಾಗಿ ಎರಡೂ ಬದಿ ಪೆಟ್ಟಾಗಿರಬೇಕು.

ಹಾಗಾಗಿ "ಬಲಗಡೆ ಲಕ್ವಾ ಆಗಿದ್ದಕ್ಕೆ ಒಂದು ಕಿವಿ ಹೋಯ್ತು" ಎಂದು ಯಾರಾದರೂ ಹೇಳಿದರೆ ನಾನು ಸುಮ್ನೆ ಒಪ್ಪುವುದಿಲ್ಲ. ಕಾರ್ಟೆಕ್ಸಿನ ಲಕ್ವಾ ಒಂದೇ ಕಿವಿಯನ್ನು ಕಿವುಡು ಮಾಡುವುದಿಲ್ಲ. ಒಂದು ಅಪವಾದದಂಥದ್ದಿದೆ, ಅದು ಅಪಾಯದ್ದು. ಒಳಗಿವಿಗೆ ರಕ್ತ ಕೊಡುವ ಸಣ್ಣ ನಾಳ ಸಾಮಾನ್ಯವಾಗಿ ಮಿದುಳಿನ ಕಾಂಡಕ್ಕೂ ಚಿಕ್ಕಮಿದುಳಿಗೂ ರಕ್ತ ಕೊಡುವ ನಾಳದ ಕವಲು. ಆ ದೊಡ್ಡ ನಾಳ ಕಟ್ಟಿಕೊಂಡರೆ ಕಾಕ್ಲಿಯಾವೇ ಸತ್ತು ಒಂದು ಕಿವಿ ದಿಢೀರನೆ ಹೋಗುತ್ತದೆ, ಜೊತೆಗೆ ತಲೆ ಗಿರಗಿರ ತಿರುಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಕಿವಿ ಹೋಗಿ ತಲೆ ತಿರುಗಿದರೆ, ಮುಖ ಸೊಟ್ಟಗಾದರೆ, ನಡೆಯುವಾಗ ವಾಲಿದರೆ, ಕಿವಿ ಪರೀಕ್ಷೆಗೆ ಕಾಯಬಾರದು. ನೇರ ದೊಡ್ಡ ದವಾಖಾನೆಗೆ ಹೋಗಬೇಕು. ಬೇರೆ ಲಕ್ಷಣ ಇಲ್ಲದೆ ಒಂದು ಕಿವಿ ಮಾತ್ರ ರಾತ್ರಿ ಬೆಳಗಾಗುವಷ್ಟರಲ್ಲಿ ಹೋದರೂ ಇಎನ್‌ಟಿ ಡಾಕ್ಟರನ್ನು ಅಂದೇ ನೋಡಬೇಕು. ಅದರ ಔಷಧಿ ಮೊದಲ ದಿನಗಳಲ್ಲೇ ಕೆಲಸ ಮಾಡುವಂಥದ್ದು.

ದೂರಿನ ಮೊದಲು ಯಂತ್ರ, ಮೇಣ, ಭಾಷೆ

ಯಾವ ದೋಷ ಹುಡುಕುವಾಗಲೂ ನಾನು ಮೊದಲು ನನ್ನದೇ ಸಾಮಾನನ್ನು ಅನುಮಾನಿಸುತ್ತೇನೆ. ಬೆಳಿಗ್ಗೆ ಹೆಡ್‌ಫೋನನ್ನು ನನ್ನ ಕಿವಿಗೇ ಹಾಕಿ ಎಡ ಬಲ ಸರಿ ಇದೆಯಾ, ವೈರ್ ಅಲುಗಿಸಿದರೆ ಸದ್ದು ಕತ್ತರಿಸುತ್ತಿದೆಯಾ ನೋಡುತ್ತೇನೆ. ಒಮ್ಮೆ ಎಡ ಬಲ ಅದಲು ಬದಲಾಗಿ ಇಡೀ ಬೆಳಿಗ್ಗೆಯ ಚಾರ್ಟ್‌ಗಳನ್ನು ಮತ್ತೆ ಮಾಡಿದ್ದೇನೆ, ಆ ಮುಜುಗರ ಇನ್ನೂ ಮರೆತಿಲ್ಲ. ಆಮೇಲೆ ಕಿವಿಯೊಳಗೆ ಇಣುಕಿ ಮೇಣ ಇದೆಯಾ, ತಮಟೆ ಇದೆಯಾ ನೋಡುವುದು. ತಮಟೆಯ ಹಿಂದೆ ನೀರು ತುಂಬಿದ್ದರೆ ಮುಂದಿನ ಅರ್ಧ ಪರೀಕ್ಷೆಗಳು ಸುಳ್ಳು ಹೇಳುತ್ತವೆ. ಅದಕ್ಕೇ ಕಿವಿಗೆ ಗಾಳಿ ಒತ್ತಿ ನೋಡುವ ಟಿಂಪನೋಮೆಟ್ರಿ ಮೊದಲು.

512 ಹರ್ಟ್ಸಿನ ಟ್ಯೂನಿಂಗ್ ಫೋರ್ಕ್ ಕೂಡ ಇಲ್ಲೇ ಬಳಸುತ್ತೇನೆ. ಫೋರ್ಕನ್ನು ಕಿವಿ ಹಿಂದಿನ ಎಲುಬಿಗೆ ಇಟ್ಟರೆ ಜೋರೋ, ಕಿವಿ ಮುಂದೆ ಹಿಡಿದರೆ ಜೋರೋ ಎಂದು ಕೇಳಿದರೆ ತೊಂದರೆ ಹೊರಗಿನದೋ ಒಳಗಿನದೋ ತಿಳಿಯುತ್ತದೆ. ಆದರೆ ಒಳಗೆ ಅಂದರೆ ಕಾಕ್ಲಿಯಾವೋ ನರವೋ ಮಿದುಳೋ, ಅದನ್ನು ಫೋರ್ಕ್ ಹೇಳಲಾರದು.

ಭಾಷೆಯ ಮಾತು ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕು. ಮಾತಿನ ಪರೀಕ್ಷೆಯಲ್ಲಿ 25 ಪದಗಳನ್ನು ಒಂದೊಂದಾಗಿ ಕೇಳಿಸಿ, ತಿರುಗಿ ಹೇಳಿಸುತ್ತೇವೆ. ಚಿಂಚೋಳಿ ಕಡೆಯವರ ಮನೆಮಾತು ತೆಲುಗು ಇರಬಹುದು, ಕಲಬುರಗಿ ಊರೊಳಗಿನವರದು ದಖ್ಖನಿ ಉರ್ದು, ಬೀದರ್‌ನಿಂದ ಬಂದವರದು ಮರಾಠಿ, ತಾಂಡಾದಿಂದ ಬಂದವರದು ಲಂಬಾಣಿ. ಎಲ್ಲರೂ ವ್ಯವಹಾರಕ್ಕೆ ಕನ್ನಡ ಆಡುತ್ತಾರೆ ಅಂತ ಕನ್ನಡ ಪಟ್ಟಿಯನ್ನೇ ಓದಿಸಿದರೆ ಅಂಕ ಕಡಿಮೆ ಬರುತ್ತದೆ, ನರ ಕೆಟ್ಟಿದೆ ಎಂಬ ತಪ್ಪು ಅನುಮಾನ ಹುಟ್ಟುತ್ತದೆ. ಅದಕ್ಕೆ ನಾನು "ಮನ್ಯಾಗ ಮಕ್ಕಳ ಜೋಡಿ ಏನ್ ಮಾತಾಡ್ತೀರಿ?" ಅಂತ ಕೇಳಿಯೇ ಪಟ್ಟಿ ತೆಗೆಯುತ್ತೇನೆ. ಆಯಿಯ ಮನೆಮಾತು ಕನ್ನಡವೇ, ಆ ಅನುಮಾನ ಅಲ್ಲಿಗೆ ಮುಗಿಯಿತು.

ಕಾಕ್ಲಿಯಾ ಕೆಟ್ಟರೆ ಹೇಗೆ ಕಾಣುತ್ತದೆ

ಬೇಳೆ ಮಿಲ್ಲಿನವರಿಗೆ 48 ವರ್ಷ. ಇಪ್ಪತ್ತು ವರ್ಷ ಯಂತ್ರದ ಪಕ್ಕದಲ್ಲೇ ನಿಂತವರು. ಅವರ ದೂರು ಹೀಗಿತ್ತು: "ಸಣ್ಣಗ ಮಾತಾಡಿದ್ರ ಕೇಳಂಗಿಲ್ಲ, ಜೋರ್ ಮಾತಾಡಿದ್ರ ಕಿವ್ಯಾಗ ಚುಚ್ಚಿದಂಗ ಆಗ್ತದ." ಕೇಳಿದವರಿಗೆ ಇದು ಸುಳ್ಳು ಅನ್ನಿಸಬಹುದು. ಒಂದೋ ಕೇಳಬಾರದು, ಇಲ್ಲ ಚುಚ್ಚಬಾರದು, ಅಲ್ವಾ? ಆದರೆ ಹೊರಸಾಲಿನ ಕೋಶಗಳ ಕೆಲಸ ನೆನಪಿಸಿಕೊಳ್ಳಿ. ಸಣ್ಣ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಹೋಗಿದೆ, ದೊಡ್ಡ ಸದ್ದು ಮೊದಲಿನ ಹಾಗೆಯೇ ಒಳಗೆ ಹೋಗುತ್ತಿದೆ. ಕೇಳದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಜಾಗ ಕಿರಿದಾಗಿದೆ. ಇದು ಕಾಕ್ಲಿಯಾ ದೋಷದ ಸಹಿ ಇದ್ದಂತೆ.

ಯಾವ ಸದ್ದು ಎಷ್ಟು ಜೋರಿದ್ದರೆ ಕೇಳಲು ಶುರುವಾಗುತ್ತದೆ ಎಂದು ಚಾರ್ಟಿನಲ್ಲಿ ಬರೆಯುತ್ತೇವೆ, ಸಂಖ್ಯೆ ದೊಡ್ಡದಾದಷ್ಟೂ ಕಿವಿ ಹೆಚ್ಚು ಕೆಟ್ಟಿದೆ ಎಂದರ್ಥ. ಅವರ ಚಾರ್ಟಿನಲ್ಲಿ ದಪ್ಪ ಸದ್ದುಗಳಿಗೆ 25 ಡೆಸಿಬಲ್, 2,000 ಹರ್ಟ್ಸಿಗೆ 40, 4,000ಕ್ಕೆ 65, 8,000ಕ್ಕೆ ಮತ್ತೆ 50. ಸದ್ದಿನಿಂದ ಆದ ಹಾನಿಯಲ್ಲಿ 4,000ದ ಹತ್ತಿರ ಹೀಗೆ ಗುಂಡಿ ಬೀಳುವುದು ಸಾಮಾನ್ಯ. ಎರಡೂ ಕಿವಿ ಸರಿಸುಮಾರು ಒಂದೇ ತರಹ. ಆಮೇಲೆ ಓಎಇ ಮಾಡಿದೆ. ಇದು ಬಹಳ ಚೆಂದದ ಪರೀಕ್ಷೆ: ಹೊರಸಾಲಿನ ಕೋಶಗಳು ಕುಣಿದಾಗ ಅವುಗಳ ಸಣ್ಣ ಪ್ರತಿಧ್ವನಿ ಕಿವಿಯಿಂದ ಹೊರಗೆ ಬರುತ್ತದೆ, ಅದನ್ನು ಕಿವಿಯಲ್ಲಿಟ್ಟ ಪುಟ್ಟ ಮೈಕ್ ಹಿಡಿಯುತ್ತದೆ. ರೋಗಿ ಏನೂ ಹೇಳಬೇಕಾಗಿಲ್ಲ, ನಿದ್ದೆ ಮಾಡಿದರೂ ನಡೆಯುತ್ತದೆ. ಅವರಿಗೆ 2,000ದಿಂದ ಮೇಲೆ ಓಎಇ ಇರಲಿಲ್ಲ. ಜೋರಾಗಿ ಕೇಳಿಸಿದಾಗ ಪದಗಳ ಅಂಕ 25ಕ್ಕೆ 22. ಅಂದರೆ ಸದ್ದು ಸಾಕಷ್ಟು ಕೊಟ್ಟರೆ ಮಾತು ತಿಳಿಯುತ್ತದೆ. ಇಂಥವರಿಗೆ ಮಷೀನ್ ಉಪಯೋಗ. ಸಣ್ಣ ಸದ್ದನ್ನು ಎತ್ತಿ, ದೊಡ್ಡದನ್ನು ಅದುಮುವ ಹಾಗೆ ಅದನ್ನು ಹೊಂದಿಸಬೇಕು, ಅಷ್ಟೆ.

ನರ ಕೆಟ್ಟರೆ ಲೆಕ್ಕ ತಪ್ಪುತ್ತದೆ

ಗಂಜ್‌ನ ವ್ಯಾಪಾರಿಗೆ 44. ಫೋನ್ ಯಾವಾಗಲೂ ಬಲಗಿವಿಗೆ ಹಿಡಿಯುತ್ತಿದ್ದವರು ಒಂದು ವರ್ಷದಿಂದ ಎಡಕ್ಕೆ ಬದಲಿಸಿದ್ದರು. ಯಾಕೆ ಅಂದರೆ ಅವರಿಗೇ ಗೊತ್ತಿರಲಿಲ್ಲ. "ಆ ಕಡಿ ಮಾತು ಒಡೆದಂಗ ಬರ್ತದ" ಅಂದರು. ಬಲಗಿವಿಯ ಸರಾಸರಿ 35 ಡೆಸಿಬಲ್. ಮಿಲ್ಲಿನವರಿಗಿಂತ ಜಾಸ್ತಿ ಏನೂ ಕೆಟ್ಟಿಲ್ಲ. ಆದರೆ ಪದಗಳ ಅಂಕ 25ಕ್ಕೆ 11. ಇನ್ನೂ 20 ಡೆಸಿಬಲ್ ಜೋರು ಮಾಡಿದರೆ ಏರಬೇಕಿತ್ತು, ಬದಲಿಗೆ 5ಕ್ಕೆ ಇಳಿಯಿತು. ಎಡಗಿವಿಯಲ್ಲಿ 25ಕ್ಕೆ 24.

ಇದು ನರದ ದೋಷದ ಗುಣ. 35 ಡೆಸಿಬಲ್ ಕಾಕ್ಲಿಯಾ ಹಾನಿಗೆ ಇಷ್ಟು ಪದ ತಪ್ಪಬಾರದು. ಚಾರ್ಟ್ ಮಾಡುವಾಗ ಕೇಳಿಸುವ ಒಂದೇ ಸಮನಾದ ಪೀ ಸದ್ದು, ಅಂದರೆ ಶುದ್ಧ ಸ್ವರ, ಕೇಳಲು ನರದ ಕೆಲವೇ ಎಳೆಗಳು ಸಾಕು. ಮಾತು ಹಿಡಿಯಲು ಸಾವಿರಾರು ಎಳೆಗಳು ಒಂದೇ ತಾಳಕ್ಕೆ ಬಡಿಯಬೇಕು. ನರ ಒತ್ತಿಹೋದರೆ ಮೊದಲು ಕೆಡುವುದು ಈ ತಾಳ. ಜೋರು ಮಾಡಿದಷ್ಟೂ ಎಳೆಗಳಿಗೆ ಭಾರ ಜಾಸ್ತಿಯಾಗಿ ಅಂಕ ಕುಸಿಯುತ್ತದೆ. ಅತ್ಯುತ್ತಮ ಅಂಕದಿಂದ ಅದರ 45 ಶೇಕಡಕ್ಕಿಂತ ಜಾಸ್ತಿ ಕುಸಿದರೆ ನರವನ್ನು ಅನುಮಾನಿಸುವುದು ವಾಡಿಕೆ. ಅವರದು 11ರಿಂದ 5, ಅರ್ಧಕ್ಕಿಂತ ಹೆಚ್ಚೇ ಹೋಯಿತು.

ತಾಳವನ್ನು ನೇರವಾಗಿ ಅಳೆಯುವುದು ಬೆರಾ ಟೆಸ್ಟ್. ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ ಟಿಕ್ ಟಿಕ್ ಸದ್ದು ಸಾವಿರಾರು ಸಲ ಕೇಳಿಸಿದರೆ, ಮೊದಲ 10 ಮಿಲಿಸೆಕೆಂಡಿನೊಳಗೆ ಐದು ಸಣ್ಣ ಅಲೆಗಳು ಕಾಣುತ್ತವೆ. ಒಂದನೆಯದು ಕಿವಿ ಪಕ್ಕದ ನರದ್ದು, ಮೂರನೆಯದು ಮೊದಲ ನಿಲ್ದಾಣದ ಸುತ್ತಿನದು, ಐದನೆಯದು ನಡುಮಿದುಳಿಗೆ ಹತ್ತಿರದ್ದು. ಒಂದರಿಂದ ಐದಕ್ಕೆ ಸುಮಾರು 4 ಮಿಲಿಸೆಕೆಂಡ್ ಬೇಕು. ಇದು ಗಾಡಿ ಯಾವ ಸ್ಟೇಷನ್ ಎಷ್ಟಕ್ಕೆ ದಾಟಿತು ಎಂದು ಬರೆದಿಟ್ಟ ಹಾಗೆ. ವ್ಯಾಪಾರಿಯ ಎಡಗಡೆ 4.0, ಬಲಗಡೆ 5.0. ಎರಡು ಬದಿಯ ನಡುವೆ 0.4ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನು ಎಂಆರ್‌ಐಗೆ ಬರೆಯಲು ಡಾಕ್ಟರಿಗೆ ಹೇಳುತ್ತೇನೆ. ಚಿತ್ರದಲ್ಲಿ ಎಂಟನೇ ನರದ ಮೇಲೆ ಒಂದೂವರೆ ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಅಲ್ಲದ, ನಿಧಾನ ಬೆಳೆಯುವ ಜಾತಿಯದು.

ಬೆರಾ ಸರಿ ಬಂತು ಅಂತ ನರ ಪೂರ್ತಿ ಸರಿ ಎಂದು ಬರೆದುಕೊಡುವುದು ತಪ್ಪು. ತೀರ ಸಣ್ಣ ಗಡ್ಡೆಗಳು ಇದರ ಕಣ್ಣು ತಪ್ಪಿಸುತ್ತವೆ. ಒಂದೇ ಕಿವಿ ಕಾರಣವಿಲ್ಲದೆ ಕುಂದುತ್ತಿದ್ದರೆ ಕೊನೆಯ ಮಾತು ಎಂಆರ್‌ಐದೇ. ಕಿವಿ 75 ಡೆಸಿಬಲ್‌ಗಿಂತ ಹೆಚ್ಚು ಕೆಟ್ಟಿದ್ದರೆ ಬೆರಾದ ಅಲೆಗಳೇ ಏಳದಿರಬಹುದು, ಅದನ್ನು ನೋಡಿ ನರ ಸತ್ತಿದೆ ಅನ್ನಲೂ ಬರುವುದಿಲ್ಲ.

ಆಯಿಯ ಪರೀಕ್ಷೆ

ಈಗ ಆಯಿಯ ಕಡೆ ಬರೋಣ. ಮೊದಲ ಕಷ್ಟ, ಅವಳಿಗೆ ಪರೀಕ್ಷೆ ಹೇಗೆ ಮಾಡುವುದೆಂದು ಹೇಳುವುದೇ. ಮಾತಿನಲ್ಲಿ ಹೇಳಿದ್ದು ತಿಳಿಯುವುದಿಲ್ಲ. ಏಳನೇ ತರಗತಿ ಓದಿದ್ದಾಳೆ ಎಂದು ಮಗ ಹೇಳಿದ್ದ. ಒಂದು ಹಾಳೆಯ ಮೇಲೆ ದಪ್ಪಗೆ ಬರೆದೆ: "ಸದ್ದು ಕೇಳಿದಾಗ ಕೈ ಎತ್ತಿ." ಓದಿದಳು, ತಲೆ ಆಡಿಸಿದಳು, ಸರಿಯಾಗಿ ಮಾಡಿದಳು. ಮಗ ಬೆರಗಾಗಿ ನೋಡಿದ. ಒಂದೂವರೆ ತಿಂಗಳು ಮನೆಯಲ್ಲಿ ಯಾರೂ ಅವಳಿಗೆ ಬರೆದು ತೋರಿಸಿರಲಿಲ್ಲ.

ಚಾರ್ಟಿನಲ್ಲಿ ಎರಡೂ ಕಿವಿಗೆ 2,000 ಹರ್ಟ್ಸಿನವರೆಗೆ 20ರಿಂದ 25 ಡೆಸಿಬಲ್, 4,000ಕ್ಕೆ 45. ಆ ವಯಸ್ಸಿಗೆ ಇದು ಚೆನ್ನಾಗಿಯೇ ಇದೆ. ಮಷೀನ್ ಕೊಟ್ಟವರು ಈ ಚಾರ್ಟ್ ಮಾಡಿಸಿದ್ದರೋ ಇಲ್ಲವೋ, ಮಗನ ಹತ್ತಿರ ಒಂದು ಕಾಗದವೂ ಇರಲಿಲ್ಲ. ಆಮೇಲೆ ಪದಗಳ ಪರೀಕ್ಷೆ. ಅವಳಿಗೆ ಆರಾಮಾಗಿ ಕೇಳುವ ಮಟ್ಟದಲ್ಲಿ 25 ಪದ ಕೇಳಿಸಿದೆ. ಬಲಗಿವಿಯಲ್ಲಿ 2, ಎಡಗಿವಿಯಲ್ಲಿ 1. ಪ್ರತಿ ಪದಕ್ಕೂ ತಲೆ ಎತ್ತಿ ನೋಡುತ್ತಿದ್ದಳು, ಅಂದರೆ ಪದ ಬಂದದ್ದು ಗೊತ್ತಾಗುತ್ತಿತ್ತು. ಯಾವ ಪದ ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಚಾರ್ಟ್ ಚೆನ್ನಾಗಿದ್ದು ಪದ ಸೊನ್ನೆಗೆ ಹತ್ತಿರ ಬಂದರೆ ಕಾಕ್ಲಿಯಾ ಮೊದಲೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಆದರೆ ನರ ಇನ್ನೂ ಪಟ್ಟಿಯಲ್ಲಿದೆ. ಎರಡೂ ಕಡೆಯ ನರದ ತಾಳ ತಪ್ಪಿದರೂ ಹೀಗೇ ಕಾಣಬಹುದು. ಹುಟ್ಟಿದಾಗ ಕಾಮಾಲೆ ತೀರ ಜಾಸ್ತಿಯಾದ ಮಕ್ಕಳಲ್ಲಿ ಈ ತರಹದ್ದು ನೋಡುತ್ತೇವೆ: ಓಎಇ ಇರುತ್ತದೆ, ಬೆರಾದ ಅಲೆ ಇರುವುದಿಲ್ಲ. ಹಾಗಾಗಿ ಒಂದೊಂದೇ ತಾಣ ದಾಟುತ್ತಾ ಮೇಲೆ ಹೋದೆ.

ಓಎಇ 2,000ದವರೆಗೆ ಚೆನ್ನಾಗಿ ಬಂತು. ಹೊರಸಾಲಿನ ಕೋಶ ಕುಣಿಯುತ್ತಿವೆ. ಆಮೇಲೆ ಸ್ಟೆಪಿಡಿಯಸ್ ಪ್ರತಿಕ್ರಿಯೆ. ಜೋರು ಸದ್ದು ಬಿದ್ದರೆ ನಡುಗಿವಿಯ ಪುಟ್ಟ ಸ್ನಾಯು ತಾನಾಗಿ ಬಿಗಿಯುತ್ತದೆ. ಆ ಸುದ್ದಿ ಎಂಟನೇ ನರದಲ್ಲಿ ಹೋಗಿ, ಮಿದುಳಿನ ಕಾಂಡದ ಕೆಳಭಾಗ ಸುತ್ತಿ, ಮುಖದ ನರದಲ್ಲಿ ಹಿಂದಿರುಗುತ್ತದೆ. ಆಯಿಗೆ ಅದು 90 ಡೆಸಿಬಲ್‌ಗೆ, ಸದ್ದು ಕೊಟ್ಟ ಬದಿಯಲ್ಲೂ ಎದುರು ಬದಿಯಲ್ಲೂ ಬಂತು. ಅಂದರೆ ಜಂಕ್ಷನ್ ದಾಟುವ ದಾರಿಯೂ ನೆಟ್ಟಗಿದೆ. ವ್ಯಾಪಾರಿಗೆ ಬಲಗಿವಿಗೆ ಸದ್ದು ಕೊಟ್ಟಾಗ ಈ ಪ್ರತಿಕ್ರಿಯೆ ಬಂದೇ ಇರಲಿಲ್ಲ.

ಕೊನೆಗೆ ಬೆರಾ. ಆಯಿ ಅಷ್ಟೊತ್ತಿಗೆ ದಣಿದು ನಿದ್ದೆ ಹೋದಳು, ನನಗೆ ಅದು ಅನುಕೂಲವೇ. ಅಲೆಗಳು ಎರಡೂ ಕಡೆ ಅಚ್ಚುಕಟ್ಟಾಗಿ ಬಂದವು. ಒಂದನೆಯದು 1.7, ಮೂರನೆಯದು 3.8, ಐದನೆಯದು 5.8 ಮಿಲಿಸೆಕೆಂಡ್. ಒಂದರಿಂದ ಐದಕ್ಕೆ 4.1. ಗಾಡಿ ನಡುಮಿದುಳಿನವರೆಗೆ ಸರಿಯಾದ ಹೊತ್ತಿಗೇ ಹೋಗಿದೆ.

ಇಲ್ಲಿ ನನ್ನ ಯಂತ್ರಗಳು ಮುಗಿದವು. ಬೆರಾ ನಡುಮಿದುಳಿನಿಂದ ಮೇಲೆ ಏನನ್ನೂ ಹೇಳುವುದಿಲ್ಲ. ಕಾರ್ಟೆಕ್ಸ್ ಇಡೀ ಹಾಳಾಗಿದ್ದರೂ ಬೆರಾ ಚೆಂದವಾಗಿ ಬರಬಹುದು. ಈ ಮಾತು ತಿಳಿಯದವರು "ಬೆರಾ ನಾರ್ಮಲ್, ಕಿವಿ ನಾರ್ಮಲ್, ನಾಟಕ ಮಾಡ್ತಿದ್ದಾರೆ" ಅಂತ ಬರೆದುಕೊಟ್ಟದ್ದನ್ನು ನೋಡಿದ್ದೇನೆ. ಎರಡೂ ಬದಿಯ ಕಾರ್ಟೆಕ್ಸ್ ಕೆಟ್ಟವರಲ್ಲಿ ಕೆಲವರಿಗೆ ಶುದ್ಧ ಸ್ವರವೂ ಕೇಳದೆ ಚಾರ್ಟ್ ಪಾತಾಳಕ್ಕೆ ಇಳಿದಿರುತ್ತದೆ, ಇವತ್ತಿನ ಚಾರ್ಟ್ ನಾಳೆ ಬರುವುದಿಲ್ಲ. ಚಾರ್ಟ್ ಒಂದು ಹೇಳಿ ಬೆರಾ ಇನ್ನೊಂದು ಹೇಳಿದರೆ ಸುಳ್ಳು ಹೇಳುವವರೂ ಇರಬಹುದು, ನಿಜ. ಆದರೆ ಲಕ್ವಾ ಆದವರಲ್ಲಿ ಆ ಮಾತು ಬಾಯಿಗೆ ಬರುವ ಮೊದಲು ಮಿದುಳಿನ ಚಿತ್ರ ನೋಡಬೇಕು.

ಯಂತ್ರ ಮುಗಿದ ಮೇಲೆ ಟೇಬಲ್ ಮೇಲಿನ ಸಾಮಾನು ಸಾಕು. ಆಯಿಯ ಬೆನ್ನ ಹಿಂದೆ ನಿಂತು ಕೀಲಿ ಗೊಂಚಲು ಅಲ್ಲಾಡಿಸಿದೆ. "ಕೀಲಿ" ಅಂದಳು. ಲೋಟಕ್ಕೆ ಚಮಚ ಬಡಿದೆ, "ಚಾ ತಂದ್ರೇನು?" ಅಂದಳು. ಮೊಬೈಲಿನಲ್ಲಿ ಕುಕ್ಕರ್ ಸೀಟಿ ಹಾಕಿದೆ, ನಕ್ಕು "ಬ್ಯಾಳಿ ಬೆಂದದ" ಅಂದಳು. ಸದ್ದು ಏನೆಂದು ಅವಳಿಗೆ ಗೊತ್ತಾಗುತ್ತಿದೆ. ಆಮೇಲೆ ಅದೇ ಜಾಗದಲ್ಲಿ ನಿಂತು ಸಾಧಾರಣ ದನಿಯಲ್ಲಿ "ಕೀಲಿ ಎಲ್ಲಿದೆ?" ಎಂದು ಕೇಳಿದೆ. ತಿರುಗಿ ನನ್ನ ಮುಖ ನೋಡಿ "ಏನಂದ್ರಿ? ಮತ್ತ ಹಂಗ ಗುಣುಗುಣು ಅಂದ್ರಿ" ಎಂದಳು. ಹಾಳೆಯ ಮೇಲೆ ಬರೆದೆ: "ಬೆಳಿಗ್ಗೆ ಏನು ಊಟ ಮಾಡಿದಿರಿ?" ತಡವಿಲ್ಲದೆ ಬಾಯಲ್ಲೇ ಉತ್ತರ ಬಂತು: "ಜ್ವಾಳದ ರೊಟ್ಟಿ, ಬದ್ನಿಕಾಯಿ ಪಲ್ಯ. ಖಾರ ಜಾಸ್ತಿ ಆಗಿತ್ತು, ಸೊಸಿ ಮಾಡಿದ್ಲು."

ಈ ಕೊನೆಯ ಹೆಜ್ಜೆ ಬಿಡಬಾರದು. ಲಕ್ವಾದಲ್ಲಿ ಭಾಷೆಯೇ ಕೆಟ್ಟು ಹೋಗುವುದೂ ಉಂಟು. ಅಂಥವರಿಗೆ ಕೇಳಿದ್ದೂ ತಿಳಿಯುವುದಿಲ್ಲ, ಓದಿದ್ದೂ ತಿಳಿಯುವುದಿಲ್ಲ, ತಾವು ಆಡುವ ಮಾತೂ ಅಡ್ಡಾದಿಡ್ಡಿಯಾಗುತ್ತದೆ. ಆಯಿ ಓದುತ್ತಾಳೆ, ಬರೆಯುತ್ತಾಳೆ, ನೆಟ್ಟಗೆ ಮಾತಾಡುತ್ತಾಳೆ. ಸೊಸೆಯ ಪಲ್ಯಕ್ಕೆ ಹೆಸರಿಡುವಷ್ಟು ಭಾಷೆ ಪೂರ್ತಿ ಇದೆ. ಕೆಟ್ಟಿರುವುದು ಕಿವಿಯಿಂದ ಆ ಭಾಷೆಗೆ ಹೋಗುವ ಬಾಗಿಲು ಮಾತ್ರ. ವೈದ್ಯರ ಮಾತಿನಲ್ಲಿ ಇದು ಶುದ್ಧ ಪದ ಕಿವುಡು. ಓದಲು ಬಾರದವರಲ್ಲಿ ಈ ಹೆಜ್ಜೆ ಕಷ್ಟ. ಆಗ ಚಿತ್ರ ತೋರಿಸಿ, ಸನ್ನೆ ಮಾಡಿ, ಅವರಾಗೇ ಆಡುವ ಮಾತು ಎಷ್ಟು ನೆಟ್ಟಗಿದೆ ಎಂದು ಕೂತು ಕೇಳಬೇಕು. ಅವಸರ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಒಂದು ಗಂಟು ಮಾತ್ರ ಉಳಿದಿತ್ತು. ಲಕ್ವಾ ಒಂದು ಬದಿಯದು ಎಂದರೆ ಮಾತು ಇಷ್ಟು ಪೂರ್ತಿ ಹೇಗೆ ಹೋಯಿತು? ಎಡ ಬದಿಯ ಪೆಟ್ಟು ಒಂದರಿಂದಲೇ ಇದು ಆಗುವುದುಂಟು, ಆದರೆ ಹೆಚ್ಚಾಗಿ ಎರಡೂ ಬದಿ ಪೆಟ್ಟಾಗಿರುತ್ತದೆ. ಮಗನನ್ನು ಕೇಳಿದೆ, ಮೊದಲೇನಾದರೂ ಆಗಿತ್ತಾ ಅಂತ. ಏನಿಲ್ಲ ಅಂದ. ಆಮೇಲೆ ಯೋಚಿಸಿ, "ಮೂರು ವರ್ಷದ ಹಿಂದ ಒಮ್ಮೆ ಎಡಗೈ ಜೋಮು ಹಿಡಿದಂಗ ಆಗಿತ್ರಿ, ಎರಡು ದಿನಕ್ಕ ಸರಿಹೋತು" ಅಂದ. ಎಡಗೈ ಅಂದರೆ ಮಿದುಳಿನ ಬಲ ಬದಿ. ನರರೋಗ ತಜ್ಞರಿಗೆ ಬರೆಯುವಾಗ ಈ ಸಾಲನ್ನು ಅಡಿಗೆರೆ ಹಾಕಿ ಬರೆದೆ. ಎಂಆರ್‌ಐನಲ್ಲಿ ಎರಡೂ ಸಿಕ್ಕವು: ಬಲ ಟೆಂಪೊರಲ್ ಭಾಗದಲ್ಲಿ ಹಳೆಯ ಕಲೆ, ಎಡ ಟೆಂಪೊರಲ್‌ನ ಮೇಲ್ಮಡಿಕೆಯಲ್ಲಿ ಹೊಸದು. ಮೊದಲನೆಯದು ಆದಾಗ ಎಡ ಬದಿ ಒಂದೇ ಎಲ್ಲ ಕೆಲಸ ನಿಭಾಯಿಸಿತ್ತು, ಅದಕ್ಕೇ ಕೇಳುವುದರಲ್ಲಿ ಏನೂ ಗೊತ್ತಾಗಿರಲಿಲ್ಲ. ಎರಡು ಬದಿಗೆ ಎರಡು ಸಲ ರಕ್ತದ ಹೆಪ್ಪು ಹೋಗಿದೆ ಎಂದರೆ ಅದು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಡಾಕ್ಟರು ಹೃದಯ ಪರೀಕ್ಷೆ ಮಾಡಿಸಿದಾಗ ಬಡಿತ ತಾಳ ತಪ್ಪಿದ್ದು ತಿಳಿಯಿತು. ರಕ್ತ ತೆಳುವಾಗಿಸುವ ಗುಳಿಗೆ ಶುರುವಾಯಿತು. ಕಿವಿ ಅಂತ ಬಂದ ದೂರು ಹೃದಯದವರೆಗೆ ಹೋಯಿತು.

ಮುಂದೆ ಏನು ಮಾಡಿದೆವು

ಮಷೀನ್ ತೆಗೆಸಿದೆ. ಸದ್ದು ಅವಳಿಗೆ ಮೊದಲೇ ಸಾಕಷ್ಟು ಬರುತ್ತಿತ್ತು, ಮಷೀನ್ ಗೊಂದಲವನ್ನೇ ಜೋರು ಮಾಡುತ್ತಿತ್ತು. ಕೊಂಡ ಅಂಗಡಿಗೆ ಮರಳಿ ಒಯ್ಯಲು ಹೇಳಿದೆ. ಒಂದರ ಹಣವಷ್ಟೇ ವಾಪಸ್ ಬಂತಂತೆ.

ಮನೆಯವರಿಗೆ ಹೇಳಿದ್ದು ಮೂರು ಮಾತು. ಒದರುವುದು ಬಿಡಿ. ಎದುರಿಗೆ ಕೂತು, ಬಾಯಿ ಕಾಣುವ ಹಾಗೆ, ಒಂದೊಂದೇ ಪದ ಬಿಡಿಸಿ ನಿಧಾನ ಆಡಿ. ತಿಳಿಯದಿದ್ದರೆ ಬರೆದು ತೋರಿಸಿ, ಒಂದು ಸ್ಲೇಟು ಮಂಚದ ಪಕ್ಕ ಇರಲಿ. ನಿಧಾನ ಯಾಕೆ ಅಂದರೆ, ಕ ಮತ್ತು ಗ, ಪ ಮತ್ತು ಬ ನಡುವಿನ ವ್ಯತ್ಯಾಸ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಕೆಟ್ಟ ಕಾರ್ಟೆಕ್ಸಿಗೆ ಅಷ್ಟು ಬೇಗ ಹಿಡಿಯಲು ಆಗುವುದಿಲ್ಲ. ಅ, ಆ, ಇ ಥರದ ಸ್ವರಾಕ್ಷರಗಳು ಉದ್ದ ಇರುತ್ತವೆ, ಅವು ಸಿಗುತ್ತವೆ. ತುಟಿ ಕಂಡರೆ ಪ, ಬ, ಮ ಗುಂಪು ಕಣ್ಣಿಗಾದರೂ ಸಿಗುತ್ತದೆ, ಉಳಿದದ್ದನ್ನು ಅವಳು ಊಹಿಸಿಕೊಳ್ಳುತ್ತಾಳೆ. ಫೋನು ಸದ್ಯಕ್ಕೆ ಬೇಡ, ಅಲ್ಲಿ ತುಟಿ ಇಲ್ಲ. ಪುಣೆಯಲ್ಲಿರುವ ಮೊಮ್ಮಗ ಈಗ ವಿಡಿಯೋ ಕಾಲ್ ಮಾಡುತ್ತಾನಂತೆ.

ನಾಲ್ಕು ತಿಂಗಳ ಮೇಲೆ ಮತ್ತೆ ಬಂದರು. ಚಾರ್ಟ್ ಹಾಗೇ ಇತ್ತು, ಇರಲೇಬೇಕು. ಪದಗಳನ್ನು ಈ ಸಲ ಎರಡು ಬಗೆಯಲ್ಲಿ ಕೇಳಿದೆ. ನನ್ನ ಬಾಯಿ ಕಾಣುವ ಹಾಗೆ ಹೇಳಿದಾಗ 25ಕ್ಕೆ 14 ಸರಿ. ಆಮೇಲೆ ಬಾಯಿಗೆ ಹಾಳೆ ಅಡ್ಡ ಹಿಡಿದು ಹೇಳಲು ಶುರುಮಾಡಿದೆ. ಐದು ಪದಕ್ಕೆ ಒಂದು ಸರಿ ಬಂತು. ಆರನೆಯದಕ್ಕೆ ಆಯಿ ಕೈ ಚಾಚಿ ಹಾಳೆಯನ್ನು ಕೆಳಗೆ ಎಳೆದಳು: "ಮಾರಿ ತೋರ್ಸವ್ವಾ ಮೊದಲ."